ಬಿಡಿಯಾಗಿ ಸರಿ ಬರುವ ಪ್ರಿಂಟ್ ಗುಂಪಿನಲ್ಲಿ ಯಾಕೆ ಕೆಡುತ್ತದೆ? ಒಂದೇ 3ಡಿ ಪ್ರಿಂಟರ್‌ನಲ್ಲಿ ಹಲವು ಆರ್ಡರ್ ಓಡಿಸುವವರಿಗೆ ದೋಷ ನಿವಾರಣೆ ಕೈಪಿಡಿ

ಒಂದೇ 3ಡಿ ಪ್ರಿಂಟರ್ ಇಟ್ಟುಕೊಂಡು ಸಣ್ಣ ಆರ್ಡರ್‌ಗಳನ್ನು ಮಾಡಿಕೊಡುವವರು ಹೇಳುವ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಒಂದು ಕೀಚೈನ್ ಹಾಕಿದರೆ ಚೆನ್ನಾಗಿ ಬರುತ್ತದೆ, ಎರಡು ಹಾಕಿದರೂ ಬರುತ್ತದೆ, ಇಪ್ಪತ್ತೈದನ್ನು ಒಂದೇ ಪ್ಲೇಟಿನಲ್ಲಿ ಜೋಡಿಸಿದರೆ ಕೆಡುತ್ತದೆ. ಕೆಟ್ಟ ಕೂಡಲೇ ಕೈ ಹೋಗುವುದು ಸೆಟ್ಟಿಂಗ್‌ಗಳ ಕಡೆಗೆ. ಬೆಡ್ ಬಿಸಿ ಐದು ಡಿಗ್ರಿ ಏರಿಸುತ್ತಾರೆ, ವೇಗ ಇಳಿಸುತ್ತಾರೆ, ಬ್ರಿಮ್ ಸೇರಿಸುತ್ತಾರೆ, ಅಂಟು ಬಳಿಯುತ್ತಾರೆ. ನಾಲ್ಕನ್ನೂ ಒಟ್ಟಿಗೆ ಬದಲಿಸಿದ ಮೇಲೆ ಮುಂದಿನ ಪ್ಲೇಟ್ ಸರಿ ಬಂದರೂ ಯಾವುದರಿಂದ ಸರಿಯಾಯಿತು ಎಂಬುದು ತಿಳಿಯುವುದಿಲ್ಲ. ಅದರ ಮುಂದಿನದು ಮತ್ತೆ ಕೆಡುತ್ತದೆ.

ಸೆಟ್ಟಿಂಗ್ ಮುಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ದೋಷ ಯಾವುದಕ್ಕೆ ಅಂಟಿಕೊಂಡಿದೆ? ಬೆಡ್ಡಿನ ಒಂದು ಜಾಗಕ್ಕೋ, ದಿನದ ಒಂದು ಹೊತ್ತಿಗೋ, ಒಂದು ಮಾದರಿಗೋ? ಗುಂಪಿನಲ್ಲಿ ಪ್ರಿಂಟ್ ಮಾಡುವವರಿಗೆ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಅನುಕೂಲ ಬಿಡಿಯಾಗಿ ಮಾಡುವವರಿಗಿಂತ ಹೆಚ್ಚು. ಒಂದೇ ಪ್ಲೇಟಿನಲ್ಲಿ ಇಪ್ಪತ್ತೈದು ಜಾಗಗಳ ಪರೀಕ್ಷೆ ತಾನಾಗಿಯೇ ನಡೆದಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳಬೇಕು, ಅಷ್ಟೆ.

ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಈ ಕೆಲಸ ಮಾಡುವ ಯುವತಿಯೊಬ್ಬರ ಪ್ರಕರಣವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಅವರದು 220 × 220 ಮಿ.ಮೀ. ಬೆಡ್ಡಿನ ಪ್ರಿಂಟರ್. ಮಾರ್ಲಿನ್ ಫರ್ಮ್‌ವೇರ್, ಬೆಡ್ ಅಳೆಯುವ ಪ್ರೋಬ್, ನೇರ ಎಕ್ಸ್‌ಟ್ರೂಡರ್, ಪೂರ್ತಿ ಲೋಹದ ಹಾಟ್ಎಂಡ್. ದೂಳು ಬೀಳದಂತೆ ಸುತ್ತ ಅಕ್ರಿಲಿಕ್ ಗೂಡು. ಆ ವಾರ ಅವರ ಕೈಯಲ್ಲಿದ್ದ ಆರ್ಡರ್‌ಗಳು ಮೂರು: ಬೆಣ್ಣೆ ದೋಸೆ ಹೋಟೆಲೊಂದಕ್ಕೆ 1ರಿಂದ 50ರವರೆಗೆ ಅಂಕಿ ಇರುವ ಕೆಂಪು ಟೋಕನ್, ಶಾಲೆಯೊಂದರ ಮಕ್ಕಳ ಹೆಸರಿನ ಕೀಚೈನ್, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ 40 ಮಿ.ಮೀ. ಎತ್ತರದ ಸೆನ್ಸರ್ ಸ್ಟ್ಯಾಂಡ್. ಎಲ್ಲವೂ ಪಿಎಲ್‌ಎ. ತಿಂಗಳು ಏಪ್ರಿಲ್.

"ಬೆಡ್ ಲೆವೆಲ್ ಮಾಡಿದ್ದೇನೆ ಸರ್, ಕಾಗದ ಇಟ್ಟು ನಾಲ್ಕೂ ಮೂಲೆ ನೋಡಿದ್ದೇನೆ. ಆದರೂ ಎದ್ದು ಬರುತ್ತಿದೆ" ಎಂದು ಅವರು ಫೋನ್ ಮಾಡಿದ್ದರು. ಯಾವುದು ಎದ್ದು ಬರುತ್ತಿದೆ ಎಂದು ಕೇಳಿದೆ. "ಟೋಕನ್" ಎಂದರು. ಎಲ್ಲಿ ಇಟ್ಟಿದ್ದ ಟೋಕನ್ ಎಂದು ಕೇಳಿದಾಗ ಉತ್ತರ ಇರಲಿಲ್ಲ. ಕೆಟ್ಟದ್ದನ್ನೆಲ್ಲ ಆಗಲೇ ಕಿತ್ತು ಡಬ್ಬಿಗೆ ಹಾಕಿಯಾಗಿತ್ತು.

ಮೊದಲು ಬೆಡ್ಡಿಗೆ ಮನೆ ಹಾಕಿ

ಬೆಡ್ಡನ್ನು ಐದು ಸಾಲು, ಐದು ಕಂಬವಾಗಿ ಮನಸ್ಸಿನಲ್ಲೇ ಭಾಗ ಮಾಡಿಕೊಳ್ಳಿ. ನಿಮ್ಮ ಕಡೆಗಿರುವ ಮುಂದಿನ ಸಾಲು ಕ, ಅದರ ಹಿಂದೆ ಖ, ಗ, ಘ, ಕೊನೆಯ ಹಿಂದಿನ ಸಾಲು ಙ. ಎಡದಿಂದ ಬಲಕ್ಕೆ 1ರಿಂದ 5. ಹಾಗಾದರೆ ಎಡಗಡೆಯ ಹಿಂದಿನ ಮೂಲೆ ಙ1, ನಡುಮಧ್ಯೆ ಗ3. ಟೋಕನ್ ಇರಲಿ, ಕೀಚೈನ್ ಇರಲಿ, ಅದರ ನಡುಭಾಗ ಯಾವ ಮನೆಯಲ್ಲಿ ಬೀಳುತ್ತದೆಯೋ ಅದೇ ಅದರ ವಿಳಾಸ. ಸ್ಲೈಸರ್‌ನಲ್ಲಿ ಜೋಡಿಸಿದ ಪ್ಲೇಟನ್ನು ಮೇಲಿನಿಂದ ಕಾಣುವಂತೆ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಯಾವ ಮನೆಯಲ್ಲಿ ಯಾರ ಆರ್ಡರ್ ಇತ್ತು ಎಂಬ ಲೆಕ್ಕವೂ ಅದರಲ್ಲೇ ಸಿಗುತ್ತದೆ. ಟೋಕನ್‌ನಂತೆ ಪ್ರತಿ ತುಂಡಿಗೂ ಬೇರೆ ಅಂಕಿ ಇರುವ ಆರ್ಡರ್‌ನಲ್ಲಿ ಇದು ತೀರಾ ಅಗತ್ಯ. 25ರಲ್ಲಿ ಎರಡು ಕೆಟ್ಟವು ಎಂದರೆ ಸಾಲದು. 17 ಮತ್ತು 21 ಕೆಟ್ಟವು ಎಂದು ಗೊತ್ತಿರಬೇಕು.

ಪುಸ್ತಕದಲ್ಲಿ ಒಂದು ಕೆಡುಕಿಗೆ ಒಂದು ಸಾಲು. ಪ್ಲೇಟ್ ಯಾವುದು, ಕೆಟ್ಟ ಹೊತ್ತು ಯಾವುದು, ಯಾವ ಮನೆ, ಹೇಗೆ ಕೆಟ್ಟಿತು, ಯಾವ ಎತ್ತರದಲ್ಲಿ. ಹೇಗೆ ಕೆಟ್ಟಿತು ಎಂಬುದಕ್ಕೆ ನಾಲ್ಕೈದು ಪದಗಳನ್ನು ಗೊತ್ತು ಮಾಡಿಕೊಂಡು ಅವನ್ನೇ ಬಳಸಬೇಕು, ಇಲ್ಲದಿದ್ದರೆ ತಿಂಗಳ ಕೊನೆಯಲ್ಲಿ ಹೋಲಿಸಲು ಆಗುವುದಿಲ್ಲ. ಬೆಡ್ಡಿನಿಂದ ಬಿಟ್ಟುಕೊಂಡರೆ "ಎದ್ದಿತು", ಪ್ಲಾಸ್ಟಿಕ್ ಬರುವುದು ಕಡಿಮೆಯಾಗಿ ಗೆರೆಗಳು ಬಿಡಿಬಿಡಿಯಾದರೆ "ಸೊರಗಿತು", ಪದರ ಪಕ್ಕಕ್ಕೆ ಜರುಗಿದರೆ "ಸರಿಯಿತು", ಒಂದು ಸಣ್ಣ ಭಾಗ ಮಾತ್ರ ಕಿತ್ತುಕೊಂಡರೆ "ಚೂರು ಕಿತ್ತಿತು". ಕೆಟ್ಟ ಎತ್ತರವನ್ನು ತುಂಡಿನ ಮೇಲೆಯೇ ವರ್ನಿಯರ್ ಇಟ್ಟು ಅಳೆಯಬಹುದು.

ಅವರು ಮುಂದಿನ ನಾಲ್ಕು ಪ್ಲೇಟುಗಳಿಗೆ ಯಾವ ಸೆಟ್ಟಿಂಗ್ ಅನ್ನೂ ಬದಲಿಸದೆ ಬರೆದಿಟ್ಟ ಪುಟ ಹೀಗಿತ್ತು:

| ಪ್ಲೇಟ್ | ಕೆಟ್ಟ ಹೊತ್ತು | ಮನೆ | ಹೇಗೆ | ಎತ್ತರ (ಮಿ.ಮೀ.) |
|---|---|---|---|---|
| 1, ಟೋಕನ್ | ಬೆಳಗ್ಗೆ 7.50 | ಙ1 | ಎದ್ದಿತು | 0.4 |
| 1, ಟೋಕನ್ | ಬೆಳಗ್ಗೆ 8.10 | ಙ2 | ಎದ್ದಿತು | 0.6 |
| 2, ಟೋಕನ್ | ಮಧ್ಯಾಹ್ನ 12.40 | ಙ1 | ಎದ್ದಿತು | 0.4 |
| 2, ಟೋಕನ್ | ಮಧ್ಯಾಹ್ನ 3.10 | ಉಳಿದ ಎಲ್ಲ | ಸೊರಗಿತು | 2.2 |
| 3, ಕೀಚೈನ್ | ಬೆಳಗ್ಗೆ 7.20 | ಖ4 | ಚೂರು ಕಿತ್ತಿತು | 0.2 |
| 3, ಕೀಚೈನ್ | ಬೆಳಗ್ಗೆ 7.45 | ಘ1 | ಎದ್ದಿತು | 0.4 |
| 4, ಟೋಕನ್ | ಮಧ್ಯಾಹ್ನ 2.40 | ಎಲ್ಲ | ಸೊರಗಿತು | 1.8 |

ಏಳೇ ಸಾಲು. ಆದರೆ "ಕೆಡುತ್ತಿದೆ" ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದದ್ದು ಇಲ್ಲಿ ಮೂರಾಗಿ ಒಡೆದು ನಿಂತಿದೆ. "ಎದ್ದಿತು" ಎಂದಿರುವ ನಾಲ್ಕೂ ಸಾಲುಗಳು ಬೆಡ್ಡಿನ ಎಡಗಡೆಯ ಹಿಂಭಾಗದವು. ಬೆಳಗ್ಗೆಯೂ ಇವೆ, ಮಧ್ಯಾಹ್ನವೂ ಇವೆ. ಟೋಕನ್‌ನಲ್ಲೂ ಇವೆ, ಕೀಚೈನ್‌ನಲ್ಲೂ ಇವೆ. "ಸೊರಗಿತು" ಎಂದಿರುವ ಎರಡೂ ಮಧ್ಯಾಹ್ನದವು, ಅಲ್ಲಿ ಮನೆಯ ಭೇದವೇ ಇಲ್ಲ. ಖ4 ಎರಡಕ್ಕೂ ಸೇರದೆ ಒಂಟಿಯಾಗಿ ಉಳಿದಿದೆ. ಬೆಡ್ ಬಿಸಿ ಏರಿಸಿದ್ದರೆ ಮೊದಲನೆಯದು ಸ್ವಲ್ಪ ಮರೆಯಾಗಿ ಎರಡನೆಯದು ಇನ್ನಷ್ಟು ಕೆಡುತ್ತಿತ್ತು.

ಜಾಗಕ್ಕೆ ಅಂಟಿದ ದೋಷ

ಒಂದೇ ಮೂಲೆಯಲ್ಲಿ ತುಂಡುಗಳು ಏಳುತ್ತಿದ್ದರೆ ಕಾರಣ ಮೂರರಲ್ಲಿ ಒಂದು. ಮೇಲಿನ ಪಿಇಐ ಹಾಳೆ ಆ ಜಾಗದಲ್ಲಿ ಜಿಡ್ಡಾಗಿದೆ ಇಲ್ಲವೇ ಸವೆದಿದೆ, ಅಥವಾ ಆ ಮೂಲೆಗೆ ಗಾಳಿ ಬಡಿಯುತ್ತಿದೆ, ಅಥವಾ ಅಲ್ಲಿ ನಾಜಲ್ ಮತ್ತು ಬೆಡ್ಡಿನ ನಡುವಿನ ಅಂತರ ಹೆಚ್ಚಾಗಿದೆ.

ಇವನ್ನು ಬೇರ್ಪಡಿಸುವ ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಹಾಳೆಯನ್ನು ತೊಳೆಯದೆ, ಒರೆಸದೆ, ಇದ್ದ ಹಾಗೆಯೇ 180 ಡಿಗ್ರಿ ತಿರುಗಿಸಿ ಹಾಕಿ, ಅದೇ ಫೈಲನ್ನು ಮತ್ತೆ ಓಡಿಸಿ. ದೋಷ ಹಾಳೆಯ ಜೊತೆ ತಿರುಗಿ ಎದುರು ಮೂಲೆಯಾದ ಕ5ಕ್ಕೆ ಬಂದರೆ ತಪ್ಪು ಹಾಳೆಯದು. ಪ್ರಿಂಟ್ ಮುಗಿದ ಮೇಲೆ ಹಾಳೆಯನ್ನು ಯಾವಾಗಲೂ ಒಂದೇ ಮೂಲೆಯಲ್ಲಿ ಹಿಡಿದು ಬಗ್ಗಿಸುವವರಲ್ಲಿ ಇದು ತುಂಬಾ ಸಾಮಾನ್ಯ, ಬೆರಳಿನ ಜಿಡ್ಡು ಅಲ್ಲೇ ಕೂರುತ್ತದೆ. ಪಾತ್ರೆ ತೊಳೆಯುವ ಸೋಪು ಮತ್ತು ಬಿಸಿನೀರಿನಲ್ಲಿ ತೊಳೆದು, ಮೇಲ್ಮೈ ಮುಟ್ಟದೆ ಒಣಗಿಸಿದರೆ ಮುಗಿಯಿತು. ದೋಷ ಙ1ರಲ್ಲೇ ಉಳಿದರೆ ಹಾಳೆ ನಿರ್ದೋಷಿ. ಹಾಳೆಯನ್ನು ಮೊದಲೇ ತೊಳೆದುಬಿಟ್ಟರೆ ಈ ಸುಳಿವು ಕೈತಪ್ಪುತ್ತದೆ, ಹಾಗಾಗಿ ತಿರುಗಿಸುವುದು ಮೊದಲು, ತೊಳೆಯುವುದು ಆಮೇಲೆ. ಹಾಳೆಯ ಹಿಂಬದಿಯಲ್ಲಿ ಕಚ್ಚು ಇದ್ದು ತಿರುಗಿಸಲು ಆಗದಿದ್ದರೆ, ಮಗುಚಿ ಹಾಕಿ ಇನ್ನೊಂದು ಬದಿಯನ್ನು ಬಳಸಿ. ಎಡಬಲ ಅದಲುಬದಲಾಗುವುದರ ಜೊತೆಗೆ ಮೇಲ್ಮೈಯೇ ಬೇರೆಯಾಗುತ್ತದೆ. ಆಗಲೂ ದೋಷ ಅದೇ ಮೂಲೆಯಲ್ಲಿದ್ದರೆ ಹಾಳೆಯನ್ನು ದೂರಬೇಕಿಲ್ಲ.

ವಿದ್ಯಾನಗರದಲ್ಲಿ ದೋಷ ಙ1 ಬಿಟ್ಟು ಕದಲಲಿಲ್ಲ. ಗೂಡು ಇದ್ದುದರಿಂದ ಗಾಳಿಯ ಅನುಮಾನ ಕಡಿಮೆ, ಆದರೂ ಸೀಲಿಂಗ್ ಫ್ಯಾನ್ ಆರಿಸಿ ಒಮ್ಮೆ ನೋಡಲಾಯಿತು. ಬದಲಾವಣೆ ಇರಲಿಲ್ಲ. ಉಳಿದದ್ದು ಅಂತರ.

ಅಂತರ ನೋಡಲು ಟೋಕನ್ ಬೇಡ. 30 ಮಿ.ಮೀ. ಚೌಕ, 0.2 ಮಿ.ಮೀ. ದಪ್ಪ, ಅಂದರೆ ಒಂದೇ ಪದರದ ತುಂಡುಗಳನ್ನು ನಾಲ್ಕು ಮೂಲೆ ಮತ್ತು ನಡುಮಧ್ಯದಲ್ಲಿ ಇಟ್ಟು ಪ್ರಿಂಟ್ ಮಾಡಿ. ಐದನ್ನೂ ಬಿಡಿಸಿಕೊಂಡು ಬೆಳಕಿಗೆ ಹಿಡಿದು ನೋಡಿ, ಬೆರಳಿನಿಂದ ಎಳೆದು ನೋಡಿ. ಗ3ರ ಚೌಕ ಒಂದೇ ಹಾಳೆಯಂತೆ ಇತ್ತು, ಬಗ್ಗಿಸಿದರೂ ಗೆರೆಗಳು ಬಿಡಲಿಲ್ಲ. ಙ1ರ ಚೌಕದಲ್ಲಿ ಗೆರೆ ಗೆರೆಗಳ ನಡುವೆ ಬೆಳಕು ತೂರುತ್ತಿತ್ತು, ಉಗುರಿನಿಂದ ತೆಗೆದರೆ ನೂಲಿನ ಎಳೆಗಳಂತೆ ಒಂದೊಂದೇ ಗೆರೆ ಬಿಚ್ಚಿಕೊಂಡು ಬಂತು. ಗೆರೆಯ ತಳ ಚಪ್ಪಟೆಯಾಗದೆ ದುಂಡಗೇ ಇತ್ತು. ನಾಜಲ್ ದೂರವಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

ಪ್ರೋಬ್ ಇರುವ ಯಂತ್ರದಲ್ಲಿ ಇದು ಹೇಗಾಯಿತು? ಕಂಪ್ಯೂಟರಿಗೆ ಜೋಡಿಸಿ, ಹೋಮ್ ಮಾಡಿದ ನಂತರ `M420 V` ಕಳುಹಿಸಿದಾಗ ಎರಡು ಸಂಗತಿಗಳು ಹೊರಬಿದ್ದವು. ಉಳಿಸಿಟ್ಟ ಅಳತೆಯ ಜಾಲದಲ್ಲಿ ಎಡ ಹಿಂಬದಿ ಮೂಲೆ -0.14 ಮಿ.ಮೀ. ಎಂದಿತ್ತು, ಅಂದರೆ ಅಲ್ಲಿ ಬೆಡ್ ತಗ್ಗಿದೆ. ಎರಡನೆಯದು, ಬೆಡ್ ಲೆವೆಲಿಂಗ್ ಆಫ್ ಆಗಿತ್ತು. ಮಾರ್ಲಿನ್‌ನಲ್ಲಿ `G28` ಮಾಡಿದ ಕೂಡಲೇ ಲೆವೆಲಿಂಗ್ ಆಫ್ ಆಗುತ್ತದೆ. ಹಾಗಾಗದಂತೆ ಫರ್ಮ್‌ವೇರ್ ಕಟ್ಟುವಾಗಲೇ ಆಯ್ಕೆ ಮಾಡಿರದಿದ್ದರೆ ಅದನ್ನು ಮತ್ತೆ ಆನ್ ಮಾಡಬೇಕು. ಸ್ಲೈಸರ್‌ನಲ್ಲಿ ಹೊಸ ಪ್ರೊಫೈಲ್ ಹಾಕಿದಾಗ ಆರಂಭದ ಜಿ-ಕೋಡಿನಲ್ಲಿ ಆ ಸಾಲು ಬಿಟ್ಟುಹೋಗಿತ್ತು. ಬೇಕಾಗಿದ್ದದ್ದು ಇಷ್ಟೇ:

```
G28
M420 S1
```

ಕ್ಲಿಪ್ಪರ್ ಬಳಸುವವರಿಗೆ ಇದೇ ಕೆಲಸಕ್ಕೆ `BED_MESH_PROFILE LOAD=default`. ಅಳತೆ ತೆಗೆದ ಮೇಲೆ ಮಾರ್ಲಿನ್‌ನಲ್ಲಿ `M500` ಕೊಟ್ಟು ಉಳಿಸಿರಬೇಕು, ಇಲ್ಲದಿದ್ದರೆ ಯಂತ್ರ ಆರಿಸಿದಾಗ ಅಳತೆಯೂ ಹೋಗುತ್ತದೆ.

ಲೆಕ್ಕ ನೋಡಿ. ಮೊದಲ ಪದರ 0.2 ಮಿ.ಮೀ. ಮೂಲೆಯಲ್ಲಿ ಅದು 0.34 ಆಗುತ್ತಿತ್ತು. ಕಾಗದ ಇಟ್ಟು ನೋಡಿದರೆ ಇದು ತಿಳಿಯಲಿಲ್ಲವೇ ಎಂದರೆ, ಅವರು ಕಾಗದ ಇಟ್ಟಿದ್ದು ಬೆಡ್ ತಣ್ಣಗಿದ್ದಾಗ. ಬಿಸಿಯಾದಾಗ ಅಲ್ಯೂಮಿನಿಯಂ ತಟ್ಟೆ ಬೇರೆಯ ಆಕಾರ ತಾಳುತ್ತದೆ. ಅಳೆಯುವುದಾದರೆ 60 ಡಿಗ್ರಿಗೆ ಕಾಯಿಸಿ ಹತ್ತು ನಿಮಿಷ ಬಿಟ್ಟು ಅಳೆಯಬೇಕು.

"ಬಿಡಿಯಾಗಿ ಸರಿ ಬರುತ್ತದೆ" ಎಂಬುದರ ಗುಟ್ಟೂ ಇಲ್ಲೇ ಇದೆ. ಒಂದು ತುಂಡು ಹಾಕಿದಾಗ ಸ್ಲೈಸರ್ ಅದನ್ನು ನಡುವಿನಲ್ಲಿ ಇಡುತ್ತದೆ. ಅವರ ಯಂತ್ರದಲ್ಲಿ ಗ3ರ ತುಂಡು ಎಂದೂ ಬೆಡ್ಡಿನಿಂದ ಎದ್ದಿರಲಿಲ್ಲ. ಙ1ಕ್ಕೆ ನಾಜಲ್ ಹೋಗಿದ್ದೇ ಐವತ್ತು ಟೋಕನ್ನಿನ ಆರ್ಡರ್ ಬಂದ ಮೇಲೆ. ಮೂಲೆಯ ದೋಷ ಎಷ್ಟು ಹಳೆಯದೋ ಹೇಳಲಾಗದು, ಗುಂಪು ಅದನ್ನು ಹೊರಗೆಳೆಯಿತು.

ಹೊತ್ತಿಗೆ ಅಂಟಿದ ದೋಷ

ಎರಡನೆಯದು ಹೆಚ್ಚು ಜಟಿಲ. ಪ್ಲೇಟ್ ಅರ್ಧಕ್ಕಿಂತ ಹೆಚ್ಚು ಸರಿಯಾಗಿ ಹೋಗಿ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಟೋಕನ್‌ಗಳೂ ಒಂದೇ ಎತ್ತರದಿಂದ ಸೊರಗಲು ಶುರುವಾಗುತ್ತಿದ್ದವು. ಎಕ್ಸ್‌ಟ್ರೂಡರ್ ಟಿಕ್ ಟಿಕ್ ಎನ್ನುತ್ತಿತ್ತು, ಅಂದರೆ ಹಲ್ಲುಚಕ್ರ ಫಿಲಮೆಂಟನ್ನು ತಳ್ಳಲಾರದೆ ಜಾರುತ್ತಿತ್ತು.

ಹೀಗೆ ಸೊರಗಲು ಸುರುಳಿ ಸಿಕ್ಕಾಗಿರಬಹುದು, ನಾಜಲ್‌ನಲ್ಲಿ ಕಸ ಸಿಕ್ಕಿರಬಹುದು, ಅಥವಾ ಬಿಸಿ ಮೇಲಕ್ಕೇರಿ ಫಿಲಮೆಂಟ್ ತಣ್ಣಗಿರಬೇಕಾದ ಜಾಗದಲ್ಲೇ ಮೆತ್ತಗಾಗಿರಬಹುದು. ಸುರುಳಿಯನ್ನು ಕೈಯಿಂದ ಎಳೆದರೆ ಸಲೀಸಾಗಿ ಬಿಚ್ಚಿಕೊಂಡರೆ ಮೊದಲನೆಯದು ಬಿಟ್ಟುಹೋಯಿತು. ಕಸ ಗಡಿಯಾರ ನೋಡಿ ಬರುವುದಿಲ್ಲ. ಬೆಳಗ್ಗೆಯ ಪ್ಲೇಟ್ ಸರಿ ಬಂದು ಮಧ್ಯಾಹ್ನದ್ದು ಮಾತ್ರ ಕೆಡುತ್ತಿದ್ದರೆ ಬಿಸಿಯನ್ನೇ ಅನುಮಾನಿಸಬೇಕು. ಖಚಿತ ಮಾಡಿಕೊಳ್ಳಲು ಫಿಲಮೆಂಟನ್ನು ಹೊರಗೆ ತೆಗೆದು ತುದಿ ನೋಡಿ. ಸರಿಯಾಗಿ ಬಂದ ತುದಿ ಸಣ್ಣಗೆ ಚೂಪಾಗಿರುತ್ತದೆ. ಇವರದು ತುದಿಗಿಂತ ಮೇಲೆ ಗಂಟು ಕಟ್ಟಿದಂತೆ ಉಬ್ಬಿತ್ತು, ಹೊರಗೆಳೆಯುವುದೇ ಕಷ್ಟವಾಯಿತು. ಪಿಎಲ್‌ಎ 55ರಿಂದ 60 ಡಿಗ್ರಿಯ ಸುಮಾರಿಗೆ ಮೆತ್ತಗಾಗಲು ಶುರುವಾಗುತ್ತದೆ. ಏಪ್ರಿಲ್ ಮಧ್ಯಾಹ್ನದ ದಾವಣಗೆರೆಯಲ್ಲಿ ಕೋಣೆಯೇ ಕಾದಿರುತ್ತದೆ. ಮುಚ್ಚಿದ ಗೂಡಿನೊಳಗೆ 60 ಡಿಗ್ರಿಯ ಬೆಡ್ ಗಂಟೆಗಟ್ಟಲೆ ಉರಿದರೆ, ಹಾಟ್ಎಂಡ್ ತಣಿಸುವ ಸಣ್ಣ ಫ್ಯಾನ್‌ಗೆ ಊದಲು ಸಿಗುವುದು ಬಿಸಿ ಗಾಳಿಯೇ.

ಆದರೆ ಅದೇ ಗೂಡಿನಲ್ಲಿ, ಅದೇ ಮಧ್ಯಾಹ್ನ, ವಿದ್ಯಾರ್ಥಿಗಳ ಸ್ಟ್ಯಾಂಡ್ ಒಂದನ್ನೇ ಹಾಕಿದಾಗ ಸರಿಯಾಗಿ ಬಂದಿತ್ತು. ಬಿಸಿಯೊಂದೇ ಕಾರಣವಾಗಿದ್ದರೆ ಅದೂ ಕೆಡಬೇಕಿತ್ತು. ಇಲ್ಲಿ ಗುಂಪಿನ ಪಾಲು ಏನೆಂದರೆ ರಿಟ್ರಾಕ್ಷನ್. ಒಂದು ಟೋಕನ್‌ನಿಂದ ಇನ್ನೊಂದಕ್ಕೆ ಹಾರುವಾಗಲೆಲ್ಲ ಎಕ್ಸ್‌ಟ್ರೂಡರ್ ಫಿಲಮೆಂಟನ್ನು ಹಿಂದಕ್ಕೆಳೆದು ಮತ್ತೆ ಮುಂದಕ್ಕೆ ತಳ್ಳುತ್ತದೆ. 3 ಮಿ.ಮೀ. ಟೋಕನ್‌ಗೆ 15 ಪದರ. 25 ಟೋಕನ್ ಎಂದರೆ ತುಂಡಿನಿಂದ ತುಂಡಿಗೆ ಹೋಗುವುದಕ್ಕೇ 375 ಸಲ. ಅಂಕಿಯ ಒಳಹೊರಗಿನ ಜಿಗಿತಗಳು ಇದರ ಮೇಲೆ. ಪ್ರತಿ ಸಲವೂ ಬಿಸಿಯಾಗಿ ಮೆತ್ತಗಾದ ತುದಿ ಮೇಲಿನ ತಂಪು ಭಾಗಕ್ಕೆ ಹೋಗಿ ಅಲ್ಲಿ ಶಾಖ ಬಿಟ್ಟು ಬರುತ್ತದೆ. ಪೂರ್ತಿ ಲೋಹದ ಹಾಟ್ಎಂಡ್‌ನಲ್ಲಿ ಅದು ಗೋಡೆಗೆ ಅಂಟುವುದೂ ಸುಲಭ. ಅವರ ಪ್ರೊಫೈಲಿನಲ್ಲಿ ರಿಟ್ರಾಕ್ಷನ್ 2.5 ಮಿ.ಮೀ. ಇತ್ತು. ನೇರ ಎಕ್ಸ್‌ಟ್ರೂಡರ್‌ಗೆ ಅಷ್ಟು ಬೇಕಿಲ್ಲ, ಅರ್ಧದಿಂದ ಒಂದು ಮಿ.ಮೀ. ಸಾಕು. ಉದ್ದ ಕೊಳವೆಯ ಬೌಡನ್ ಯಂತ್ರಗಳಿಗೆ ಈ ಅಳತೆ ಹೊಂದುವುದಿಲ್ಲ, ಅವಕ್ಕೆ ಹೆಚ್ಚು ಬೇಕಾಗುತ್ತದೆ.

ಎರಡು ಕಾರಣ ಸೇರಿದ ದೋಷವನ್ನು ಬಿಡಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೊದಲು ರಿಟ್ರಾಕ್ಷನ್ ಮುಟ್ಟದೆ ಗೂಡಿನ ಬಾಗಿಲು ತೆರೆದು ಮಧ್ಯಾಹ್ನ ಓಡಿಸಿದರು. ಪ್ಲೇಟ್ ಪೂರ್ತಿಯಾಯಿತು, ಆದರೆ ಕೊನೆಯ ಪದರಗಳಲ್ಲಿ ಟಿಕ್ ಸದ್ದು ಅಲ್ಲಲ್ಲಿ ಕೇಳಿಸಿತು. ನಂತರ ಬಾಗಿಲು ತೆರೆದಿಟ್ಟೇ ರಿಟ್ರಾಕ್ಷನ್ 0.8ಕ್ಕೆ ಇಳಿಸಿದರು. ಸದ್ದು ನಿಂತಿತು. ಪಿಎಲ್‌ಎಗೆ ಬೇಸಿಗೆಯಲ್ಲಿ ಮುಚ್ಚಿದ ಗೂಡು ಬೇಡವೇ ಬೇಡ. ದೂಳಿನ ಭಯವಿದ್ದರೆ ಮೇಲಿನ ಮುಚ್ಚಳ ತೆಗೆದು ಪಕ್ಕದ ಗೋಡೆಗಳನ್ನು ಮಾತ್ರ ಉಳಿಸಿಕೊಳ್ಳಬಹುದು. ಹಾಟ್ಎಂಡ್ ಫ್ಯಾನ್‌ನ ರೆಕ್ಕೆಗಳಲ್ಲಿ ದೂಳು ಕಟ್ಟಿದೆಯೇ ಎಂದೂ ಇದೇ ಸಂದರ್ಭದಲ್ಲಿ ನೋಡಿಬಿಡಿ.

ಎಷ್ಟು ತುಂಡು, ಎಲ್ಲಿ

ದೋಷ ಹಿಡಿದ ಮೇಲೆ ಜೋಡಣೆಯ ಮಾತು. 35 ಮಿ.ಮೀ. ಟೋಕನ್‌ಗಳನ್ನು 6 ಮಿ.ಮೀ. ಬಿಟ್ಟು ಇಟ್ಟರೆ ಐದು ಟೋಕನ್‌ಗೆ 199 ಮಿ.ಮೀ., ಅಂದರೆ 220ರ ಬೆಡ್ಡಿನಲ್ಲಿ ಇಪ್ಪತ್ತೈದು ಹಿಡಿಯುತ್ತವೆ. ಹಿಡಿಯುತ್ತವೆ ಎಂದ ಮಾತ್ರಕ್ಕೆ ಇಡಬೇಕೆಂದಿಲ್ಲ.

ಬೆಡ್ಡಿನಿಂದ ಎದ್ದ ಒಂದು ತುಂಡು ಸುಮ್ಮನೆ ಕೂರುವುದಿಲ್ಲ. ನಾಜಲ್‌ಗೆ ಅಂಟಿ ಪಕ್ಕದವನ್ನೂ ಕೆಡವುತ್ತದೆ, ಪ್ಲೇಟ್ ಪೂರ್ತಿ ಹೋಗುತ್ತದೆ. ಪ್ರತಿ ತುಂಡೂ ಏಳುವ ಸಂಭವ ನೂರಕ್ಕೆ ಎರಡು ಎಂದು ಊಹಿಸಿಕೊಂಡು ಲೆಕ್ಕ ಹಾಕಿ. ಇಪ್ಪತ್ತೈದೂ ಸರಿ ಬರುವ ಸಂಭವ 0.98ನ್ನು ಇಪ್ಪತ್ತೈದು ಸಲ ಗುಣಿಸಿದಷ್ಟು, ಸುಮಾರು ನೂರಕ್ಕೆ 60. ಹದಿನಾರಕ್ಕೆ 72, ಎಂಟಕ್ಕೆ 85. ತುಂಡು ಹೆಚ್ಚಿದಂತೆ ಕೆಟ್ಟಾಗ ಆಗುವ ನಷ್ಟವೂ ದೊಡ್ಡದು. ಅದಕ್ಕೇ ಅವರಿಗೆ ಮೂಲೆಗಳನ್ನು ಬಿಟ್ಟು ನಾಲ್ಕರ ಸಾಲಿನಲ್ಲಿ ಹದಿನಾರು ಇಡಲು ಹೇಳಿದೆ. ಐವತ್ತು ಟೋಕನ್‌ಗೆ ಮೂರು ಪ್ಲೇಟ್‌ಗಳಲ್ಲಿ ನಲವತ್ತೆಂಟು, ಮಿಕ್ಕ ಎರಡರ ಜೊತೆ ಕೆಟ್ಟವುಗಳ ಬದಲಿ ಪ್ರತಿಗಳು ನಾಲ್ಕನೆಯದಕ್ಕೆ.

ಎದ್ದ ತುಂಡನ್ನು ಮಾತ್ರ ಬಿಟ್ಟು ಉಳಿದವನ್ನು ಮುಂದುವರಿಸುವ ಸೌಲಭ್ಯವನ್ನು ಗುಂಪು ಕೆಲಸ ಮಾಡುವ ಎಲ್ಲರೂ ಸಿದ್ಧ ಮಾಡಿಟ್ಟುಕೊಳ್ಳಬೇಕು. ಪ್ರೂಸಾಸ್ಲೈಸರ್‌ನಲ್ಲಿ `Label objects` ಅನ್ನು `Firmware-specific` ಮಾಡಿದರೆ ಪ್ರತಿ ತುಂಡಿಗೂ ಗುರುತು ಬೀಳುತ್ತದೆ. ಮಾರ್ಲಿನ್‌ನಲ್ಲಿ ಈ ಆಯ್ಕೆ ಇದ್ದರೆ `M486 C` ಆಗ ಪ್ರಿಂಟ್ ಆಗುತ್ತಿರುವ ತುಂಡನ್ನು ಕೈಬಿಡುತ್ತದೆ, `M486 P3` ನಾಲ್ಕನೆಯ ತುಂಡನ್ನು. ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ ಎಂಬುದು ನೆನಪಿರಲಿ, ಇಲ್ಲದಿದ್ದರೆ ಪಕ್ಕದ ಒಳ್ಳೆಯ ತುಂಡು ನಿಲ್ಲುತ್ತದೆ. ಕ್ಲಿಪ್ಪರ್‌ನಲ್ಲಿ ಇದೇ ಕೆಲಸ `EXCLUDE_OBJECT`. ಎರಡನೆಯ ಪ್ಲೇಟಿನಲ್ಲಿ ಙ1 ಎದ್ದ ಮೇಲೂ ಉಳಿದವು 2.2 ಮಿ.ಮೀ.ವರೆಗೆ ಹೋದದ್ದು ಇದರಿಂದಲೇ. ಕೈಬಿಟ್ಟ ನಂತರ ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಎದ್ದ ತುಂಡನ್ನು ಚಿಮಟದಿಂದ ತೆಗೆದುಬಿಡಬೇಕು.

ಒಂದು ತುಂಡು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಕ್ರಮವೂ ಇದೆ. ರಿಟ್ರಾಕ್ಷನ್ ಕಡಿಮೆ, ಒಂದು ಕೆಟ್ಟರೆ ಆಗಲೇ ಮುಗಿದವಕ್ಕೆ ತೊಂದರೆ ಕಡಿಮೆ. ಆದರೆ ಮುಗಿದ ತುಂಡಿಗೆ ಫ್ಯಾನಿನ ಮೂತಿ ತಾಗಬಾರದು. ನಾಜಲ್ ತುದಿಗಿಂತ ಮೂತಿ ಎಷ್ಟು ಮೇಲಿದೆ ಎಂದು ಅಳೆದು ಸ್ಲೈಸರ್‌ಗೆ ತಿಳಿಸದೆ ಇದನ್ನು ಬಳಸಬೇಡಿ. ಇನ್ನೊಂದು ತೊಡಕು, ಪ್ರತಿ ತುಂಡಿಗೂ ಅದರದೇ ಮೊದಲ ಪದರ. ಮೊದಲ ಪದರ ನೋಡಿ ಹೊರಗೆ ಹೋಗುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಎತ್ತರ ಬೇರೆಯಾದವನ್ನು ಒಂದೇ ಪ್ಲೇಟಿಗೆ ಸೇರಿಸಬೇಡಿ. ವಿದ್ಯಾರ್ಥಿಗಳ ಸ್ಟ್ಯಾಂಡಿನ ಸುತ್ತ ಟೋಕನ್ ಇಟ್ಟರೆ ಜಾಗ ಉಳಿಯುತ್ತದೆ ನಿಜ. ಆದರೆ 3 ಮಿ.ಮೀ.ಗೆ ಟೋಕನ್‌ಗಳು ಮುಗಿದ ಕ್ಷಣದಿಂದ ಸ್ಟ್ಯಾಂಡ್ ಒಂಟಿಯಾಗುತ್ತದೆ, ಒಂದು ಪದರಕ್ಕೆ ನಿಮಿಷಗಳು ಸಿಗುತ್ತಿದ್ದದ್ದು ಕೆಲವೇ ಸೆಕೆಂಡುಗಳಿಗೆ ಇಳಿಯುತ್ತದೆ. ಕೆಳಗಿನ ಪದರ ಆರುವ ಮೊದಲೇ ಮೇಲಿನದು ಬೀಳುತ್ತದೆ. ಸರಿಯಾಗಿ 3 ಮಿ.ಮೀ. ಎತ್ತರದಲ್ಲಿ ಸ್ಟ್ಯಾಂಡಿನ ಸುತ್ತ ಒಂದು ಗೆರೆ ಕಾಣುತ್ತದೆ, ಅದರ ಕೆಳಗೆ ಮೇಲ್ಮೈಯ ಹೊಳಪು ಒಂದು ಬಗೆ, ಮೇಲೆ ಇನ್ನೊಂದು ಬಗೆ. ಗಿರಾಕಿ ಕೇಳುವುದು ಆ ಗೆರೆಯ ಬಗ್ಗೆಯೇ. ನಾಲ್ಕು ಸ್ಟ್ಯಾಂಡ್‌ಗಳನ್ನು ಒಟ್ಟಿಗೆ ಇಡುವುದು ಸರಿಯಾದ ಗುಂಪು.

ಸರದಿ

ಸರದಿಯನ್ನು ಬಂದ ಆರ್ಡರ್‌ನ ಕ್ರಮದಲ್ಲಿ ಹಾಕುವುದಕ್ಕಿಂತ ಬಣ್ಣ, ಎತ್ತರ ಮತ್ತು ಕೊಡಬೇಕಾದ ದಿನ ನೋಡಿ ಹಾಕುವುದು ಮೇಲು. ಬೇಸಿಗೆಯಲ್ಲಿ ತುಂಡು ಹೆಚ್ಚಿರುವ, ಜಿಗಿತ ಹೆಚ್ಚಿರುವ ಪ್ಲೇಟ್‌ಗಳು ಬೆಳಗಿನ ಜಾವ ಅಥವಾ ರಾತ್ರಿಗೆ. ಮಧ್ಯಾಹ್ನಕ್ಕೆ ಸ್ಟ್ಯಾಂಡಿನಂಥ ಕೆಲವೇ ತುಂಡುಗಳ ಪ್ಲೇಟ್. ಕೆಟ್ಟ ಟೋಕನ್‌ಗಳನ್ನು ಆಗಲೇ ಒಂದೊಂದಾಗಿ ಮತ್ತೆ ಹಾಕಲು ಹೋಗಬೇಡಿ. "ಬಾಕಿ" ಎಂದು ಒಂದು ಪಟ್ಟಿ ಇಟ್ಟು, ಅದೇ ಬಣ್ಣದ ಮುಂದಿನ ಪ್ಲೇಟಿನಲ್ಲಿ ನಡುವಿನ ಎರಡು ಮನೆಗಳನ್ನು ಅದಕ್ಕೆಂದೇ ಬಿಟ್ಟಿರಿ. ಎರಡನೆಯ ಸಲವೂ ಕೆಡಬಾರದ ತುಂಡು ಇರಬೇಕಾದ ಜಾಗ ಅದೇ.

ಕರೆಂಟ್ ಹೋಗುವ ಸಾಧ್ಯತೆ ಇರುವ ಹೊತ್ತಿನಲ್ಲಿ ದೊಡ್ಡ ಗುಂಪು ಬೇಡ. ಮಾರ್ಲಿನ್‌ನಲ್ಲಿ ಈ ಸೌಲಭ್ಯ ಇದ್ದು `M413 S1` ಹಾಕಿಟ್ಟರೆ ಯಂತ್ರ ನಿಂತಲ್ಲಿಂದ ಮುಂದುವರಿಯಬಲ್ಲದು, ಆದರೆ ಅಷ್ಟರಲ್ಲಿ ಬೆಡ್ ತಣ್ಣಗಾಗಿ ಸಣ್ಣ ತುಂಡುಗಳು ತಾವಾಗಿಯೇ ಬಿಟ್ಟುಕೊಂಡಿರುತ್ತವೆ. ತಳ ಅಗಲವಿರುವ ಒಂದೇ ತುಂಡಿಗೆ ಅದು ನೆರವಾಗಬಹುದು, ಹದಿನಾರು ಟೋಕನ್‌ಗೆ ನಂಬುವಂತಿಲ್ಲ.

ಮಾದರಿಗೆ ಅಂಟಿದ ದೋಷ

ಇನ್ನು ಒಂಟಿಯಾಗಿ ಉಳಿದಿದ್ದ ಖ4. ಒಂದೇ ಸಾಲು ನೋಡಿ ತೀರ್ಮಾನಿಸಬಾರದು. ಕನಿಷ್ಠ ಎರಡು ಪ್ಲೇಟ್‌ಗಳಲ್ಲಿ ಅದೇ ಬಗೆ ಕಂಡರೆ ಮಾತ್ರ ಅದಕ್ಕೆ ಬೆಲೆ ಕೊಡಬೇಕು. ಅದಕ್ಕಾಗಿ ಕೀಚೈನ್‌ಗಳ ಜಾಗಗಳನ್ನು ಅದಲುಬದಲು ಮಾಡಿ ಇನ್ನೊಂದು ಪ್ಲೇಟ್ ಓಡಿಸಿದರು. ಖ4ರಲ್ಲಿದ್ದ ಹೆಸರು ಈಗ ಗ2ರಲ್ಲಿತ್ತು. ಚೂರು ಕಿತ್ತದ್ದು ಗ2ರಲ್ಲಿ. ಖ4ಕ್ಕೆ ಬಂದ ಹೊಸ ಹೆಸರು ಸರಿಯಾಗಿ ಬಂತು. ದೋಷ ಹೆಸರಿನ ಬೆನ್ನು ಹತ್ತಿ ಹೋಗಿತ್ತು.

ಆ ಹೆಸರು ಸೌಮ್ಯ. ಕೀಚೈನಿನ ಮುಖ ನುಣುಪಾಗಿ ಬರಲಿ, ಅಕ್ಷರಕ್ಕೆ ಒಂದು ಬಣ್ಣ, ಹಿನ್ನೆಲೆಗೆ ಒಂದು ಬಣ್ಣ ಇರಲಿ ಎಂದು ಅವರು ಮುಖ ಕೆಳಗೆ ಮಾಡಿ, ಅಕ್ಷರಗಳನ್ನು ಮೊದಲು ಪ್ರಿಂಟ್ ಮಾಡುತ್ತಿದ್ದರು. ಆಯ್ದುಕೊಂಡ ಫಾಂಟಿನಲ್ಲಿ ಯ ಒತ್ತು ಮೇಲಿನ ಮಕಾರಕ್ಕೆ ತಾಗದೆ ಪ್ರತ್ಯೇಕವಾಗಿ ನಿಂತಿತ್ತು. ಮೊದಲ ಪದರದಲ್ಲಿ ಅದು ಬೆಡ್ಡಿನ ಮೇಲೆ ಕೆಲವೇ ಮಿ.ಮೀ. ಅಗಲದ, ಯಾವುದಕ್ಕೂ ಸೇರದ ದ್ವೀಪ. ನಾಜಲ್ ಆಚೆ ಜಿಗಿಯುವಾಗ ಎಳೆಯ ಬಲಕ್ಕೇ ಕಿತ್ತು ಬರುತ್ತಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಇಂಥ ತೊಂದರೆ `i` ಅಕ್ಷರದ ಚುಕ್ಕೆಯಂಥ ಕಡೆ ಮಾತ್ರ. ಕನ್ನಡದಲ್ಲಿ ಒತ್ತಕ್ಷರ, ಸೊನ್ನೆ, ದೀರ್ಘದ ಕೊಂಬು ಎಲ್ಲವೂ ಫಾಂಟನ್ನು ನೋಡಿಕೊಂಡು ದ್ವೀಪವಾಗಬಹುದು. ಕನ್ನಡದ ಹೆಸರುಗಳನ್ನು ಮುಖ ಕೆಳಗೆ ಮಾಡಿ ಹಾಕುವ ಮೊದಲು ಸ್ಲೈಸರ್‌ನಲ್ಲಿ ಮೊದಲ ಪದರವನ್ನು ಮಾತ್ರ ತೆರೆದು, ಒಂದೊಂದು ಹೆಸರಿನಲ್ಲೂ ಬಿಡಿಯಾಗಿ ನಿಂತ ಭಾಗ ಇದೆಯೇ ಎಂದು ಕಣ್ಣಾಡಿಸಬೇಕು. ಇದ್ದರೆ ಒತ್ತನ್ನು ಸ್ವಲ್ಪ ಮೇಲಕ್ಕೆ ಸರಿಸಿ ಅಕ್ಷರಕ್ಕೆ ಬೆಸೆಯಬೇಕು, ಗೆರೆಯ ದಪ್ಪವನ್ನು 0.4 ನಾಜಲ್‌ಗೆ ಕನಿಷ್ಠ 1.2 ಮಿ.ಮೀ. ಮಾಡಬೇಕು. ಹಾಗೆ ಬೆಸೆದರೆ ಅಕ್ಷರ ಅಂದಗೆಡುತ್ತದೆ ಎನ್ನಿಸಿದರೆ ಆ ಹೆಸರನ್ನು ತಳ ಕೆಳಗೆ ಮಾಡಿ, ಅಕ್ಷರ ಮೇಲೆ ಬರುವಂತೆ ಪ್ರಿಂಟ್ ಮಾಡಿ. ಆಗ ಒತ್ತಿಗೆ ಅಂಟಿಕೊಳ್ಳಲು ಕೆಳಗೆ ಪ್ಲಾಸ್ಟಿಕ್ ಇರುತ್ತದೆ.

ತಳ ಕೆಳಗೆ ಬರುವ ಹೆಸರುಗಳನ್ನು ಮುಖ ಕೆಳಗೆ ಬರುವವುಗಳ ಜೊತೆ ಒಂದೇ ಪ್ಲೇಟಿಗೆ ಹಾಕಲಾಗದು, ಬಣ್ಣ ಬದಲಿಸುವ ಎತ್ತರವೇ ಬೇರೆ. ಅವಕ್ಕೆ ಸರದಿಯಲ್ಲಿ ಪ್ರತ್ಯೇಕ ಪ್ಲೇಟ್ ಮಾಡಿ, ಆ ಶಾಲೆಯ ಆರ್ಡರ್ ಕೊಡುವ ದಿನ ಹೇಳುವಾಗಲೇ ಅದಕ್ಕೆ ತಗಲುವ ಹೊತ್ತನ್ನೂ ಸೇರಿಸಿ ಹೇಳಿ.